‘ಲಿಟ್ರಲಿ’ ತಪ್ಪಲ್ಲ. ಆದ್ರೆ ಒಂದ್ಸಲ ಅದನ್ನ ಯಾರೂ ನಂಬಲಿಲ್ಲ

1/6
ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಚಾಮರಾಜಪೇಟೆಯ ಒಂದು ಹಳೇ ಮನೆ, ಬಾಗಿಲ ಪಕ್ಕದ ಗೋಡೆ. ಸುಣ್ಣದ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ ಕಾಣುತ್ತಲ್ಲ, ಅಲ್ಲೀವರೆಗೂ ನೀರು ನಿಂತಿತ್ತು. ಮನೆ ನನ್ನ ಕ್ಲಾಸ್‌ಮೇಟ್‌ದು. ಆ ರಾತ್ರಿ ಅವನು ಗ್ರೂಪಲ್ಲಿ ಹಾಕಿದ ಮೆಸೇಜ್ ಇಷ್ಟೇ: “ಮಗಾ, ಮನೆ ಲಿಟ್ರಲಿ ಮುಳುಗಿದೆ.”

ನಾವು ಹನ್ನೊಂದು ಜನ ನಗೋ ಎಮೋಜಿ ಹಾಕಿದ್ವಿ. ಅದರಲ್ಲಿ ನಾನೂ ಒಬ್ಬ. ಹಿಂದಿನ ವಾರ ಅವನೇ “ಇಂಟರ್ನಲ್ಸ್‌ನಲ್ಲಿ ಲಿಟ್ರಲಿ ಮುಳುಗಿದೆ” ಅಂದಿದ್ದ. ಬೆಳಗ್ಗೆ ಫೋನ್ ಮಾಡಿದಾಗ ಗೊತ್ತಾಯ್ತು, ಅವನೂ ಅವರಜ್ಜಿಯೂ ರಾತ್ರಿಯೆಲ್ಲ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ರು ಅಂತ.

2/6
ಇದನ್ನ ಕ್ಲಾಸಲ್ಲಿ ಹೇಳಿದಾಗ ಎರಡು ಪಾರ್ಟಿ ಆಯ್ತು.

ಮೊದಲನೇ ಪಾರ್ಟಿ: “ನೋಡಿದ್ರಾ? ಒತ್ತು ಕೊಡೋಕೆ ಲಿಟ್ರಲಿ ಬಳಸೋದೇ ತಪ್ಪು. ಡಿಕ್ಷನರಿ ನೋಡಿ.” ಎರಡನೇ ಪಾರ್ಟಿ: “ಡಿಕ್ಷನರಿಲೇ ಇದೆ ಕಣೋ, ಹಾಗಾಗಿ ಸರಿ.”

ನನ್ನ ಜಗಳ ಎರಡೂ ಪಾರ್ಟಿ ಜೊತೆ. ಮೊದಲನೆಯವರು ಡಿಕ್ಷನರಿ ನೋಡೇ ಇಲ್ಲ. ಎರಡನೆಯವರು ನೋಡಿದ್ದಾರೆ, ಆದ್ರೆ ಅದು ಏನು ಕೆಲಸ ಮಾಡುತ್ತೆ ಅಂತ ತಿಳ್ಕೊಂಡಿಲ್ಲ.

3/6
ಮೊದಲು, ಡಿಕ್ಷನರಿಲಿ ಏನಿದೆ ನೋಡೋಣ. ‘ಲಿಟ್ರಲಿ’ ಅನ್ನೋದರ ಮೂಲದಲ್ಲಿರೋದು ‘ಅಕ್ಷರ’ ಅನ್ನೋ ಅರ್ಥದ ಲ್ಯಾಟಿನ್ ಪದ. ನಮ್ಮ ‘ಅಕ್ಷರಶಃ’ ಕೂಡ ಹಾಗೇ, ಅಕ್ಷರ ಅಕ್ಷರವಾಗಿ ಅಂತ. ಎರಡು ದೂರದ ಭಾಷೆ, ಒಂದೇ ಹುಟ್ಟು.

2013ರಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯ್ತು: ಡಿಕ್ಷನರಿಗಳು ಲಿಟ್ರಲಿಗೆ ಒತ್ತಿನ ಅರ್ಥವನ್ನೂ ಸೇರಿಸಿಬಿಟ್ಟಿವೆ, ಭಾಷೆ ಸತ್ತೇ ಹೋಯ್ತು ಅಂತ. ಆದ್ರೆ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಆ ಅರ್ಥವನ್ನ 1909ರಲ್ಲೇ ಕೊಟ್ಟಿತ್ತು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಈ ಬಳಕೆಗೆ ತೋರಿಸೋ ಹಳೇ ಉದಾಹರಣೆ 1769ರದ್ದು, ಫ್ರಾನ್ಸಿಸ್ ಬ್ರೂಕ್ ಅನ್ನೋ ಲೇಖಕಿಯ ಕಾದಂಬರಿಯಿಂದ. ಅಂದ್ರೆ ‘ಈಗಿನ ಹುಡುಗ್ರು ಹಾಳು ಮಾಡಿದ್ರು’ ಅನ್ನೋ ತಪ್ಪಿಗೆ ಇನ್ನೂರೈವತ್ತು ವರ್ಷ ವಯಸ್ಸು.

ಕೆಲವರು ಹೇಳ್ತಾರೆ: “ಲಿಟ್ರಲಿಗೆ ಈಗ ಉಲ್ಟಾ ಅರ್ಥ ಬಂದಿದೆ.” ಬಂದಿಲ್ಲ. “ನಕ್ಕು ನಕ್ಕು ಲಿಟ್ರಲಿ ಸತ್ತೆ” ಅನ್ನೋದನ್ನ “ನಕ್ಕು ನಕ್ಕು ಆಲಂಕಾರಿಕವಾಗಿ ಸತ್ತೆ” ಅಂತ ಓದಿ ನೋಡಿ. ಯಾರಾದ್ರೂ ಹಾಗಂದ್ರೆ ಪಕ್ಕದವರು ಎದ್ದು ಹೋಗ್ತಾರೆ. ‘ಸತ್ತೆ’ ಅನ್ನೋದು ಮೊದಲೇ ಉತ್ಪ್ರೇಕ್ಷೆ. ಲಿಟ್ರಲಿ ಬಂದು ಅದರ ವಾಲ್ಯೂಮ್ ಜಾಸ್ತಿ ಮಾಡುತ್ತೆ, ಅಷ್ಟೇ.

4/6
ಕನ್ನಡದಲ್ಲಿ ಹಿಂಗಾಗಲ್ಲ ಅಂತೀರಾ? ಮಳೆಗಾಲದ ಯಾವ ದಿನ ಬೇಕಾದ್ರೂ ಪೇಪರ್ ತೆಗೆದು ನೋಡಿ: “ರಸ್ತೆಗಳು ಅಕ್ಷರಶಃ ಕೆರೆಯಂತಾದವು.” ‘ಅಕ್ಷರಶಃ’ ಅಂದಮೇಲೆ ‘ಅಂತೆ’ ಯಾಕೆ ಬೇಕು? ಕೆರೆ ಆಗಿದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ. ಆದ್ರೂ ಓದೋವಾಗ ಯಾರೂ ಎಡವಲ್ಲ, ಅದು ಒತ್ತು ಅಂತ ಎಲ್ರಿಗೂ ಗೊತ್ತು.

ಪದಗಳು ಹೀಗೆ ಸವೆಯೋದು ಮಾಮೂಲು. ಗಾಂಧಿ ಬಜಾರಲ್ಲಿ ದೋಸೆ ತಿಂದು “ಸಖತ್ತಾಗಿದೆ” ಅಂತೀವಿ. ‘ಸಖತ್’ ಮೂಲ ಪಾರ್ಸಿ, ಅಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ದೋಸೆ ನಿಜಕ್ಕೂ ‘ಸಖತ್’ ಆಗಿದ್ರೆ ವಾಪಸ್ ಕೊಡ್ತಿದ್ವಿ. “ಭಯಂಕರ ಇಷ್ಟ” ಅನ್ನೋವಾಗ ಯಾರಿಗೂ ಭಯ ಆಗಲ್ಲ. ಇಂಗ್ಲಿಷಿನ ‘ವೆರಿ’ ಕೂಡ ‘ನಿಜ’ ಅನ್ನೋ ಅರ್ಥದ ಹಳೇ ಫ್ರೆಂಚ್ ಪದದಿಂದ ಬಂದದ್ದು. ‘ಇದು ನಿಜ’ ಅಂತ ಆಣೆ ಮಾಡೋ ಪದಗಳೆಲ್ಲ ಕೊನೆಗೆ ‘ತುಂಬಾ’ ಆಗ್ತವೆ. ಯಾಕಂದ್ರೆ ನಾವು ಆಣೆ ಮಾಡೋದೇ ಜೋರು ಮಾಡೋಕೆ.

5/6
ಈಗ ಎರಡನೇ ಪಾರ್ಟಿ. ‘ಡಿಕ್ಷನರಿಲಿದೆ, ಹಾಗಾಗಿ ಸರಿ’ ಅನ್ನೋರೇ, ಒಂದ್ಸಲ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಗೆ ಹೋಗಿ. ಅಲ್ಲಿರೋ ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳ ಕನ್ನಡ ನಿಘಂಟು ತಂದಿದೆ. ಅದರ ಪ್ರಧಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯ ವಿಜಯಾ ಕಾಲೇಜಿನ ಮೇಷ್ಟ್ರು. ಆ ನಿಘಂಟು ಶಾಸನ, ಕಾವ್ಯಗಳಿಂದ ಪ್ರಯೋಗಗಳನ್ನ ಹುಡುಕಿ, ಈ ಪದವನ್ನ ಇಂಥ ಕಡೆ ಹೀಗೆ ಬಳಸಿದ್ದಾರೆ ಅಂತ ತೋರಿಸುತ್ತೆ. ಅಂದ್ರೆ ನಿಘಂಟು ಜಡ್ಜ್ ಅಲ್ಲ, ಸಾಕ್ಷಿ. ‘ಜನ ಹೀಗಂದ್ರು, ನಾನು ನೋಡಿದೆ’ ಅನ್ನುತ್ತೆ. ‘ನೀನೂ ಹೀಗೇ ಅನ್ನು’ ಅಂತ ಎಲ್ಲೂ ಹೇಳಲ್ಲ.

ಇಂಗ್ಲಿಷ್ ಡಿಕ್ಷನರಿಗಳೂ ಅಷ್ಟೇ. ಆಕ್ಸ್‌ಫರ್ಡ್ ಈ ಅರ್ಥದ ಪಕ್ಕದಲ್ಲೇ, ಇದು ಆಡುಮಾತು, ಶಿಷ್ಟ ಬರವಣಿಗೆಯಲ್ಲಿ ಹಲವರು ಇದನ್ನ ಒಪ್ಪಲ್ಲ ಅಂತ ಹೇಳುತ್ತೆ. ನೀವು ಅರ್ಥದ ಸ್ಕ್ರೀನ್‌ಶಾಟ್ ತೆಗೆದ್ರಿ, ಆ ಸೂಚನೆಯನ್ನ ಕ್ರಾಪ್ ಮಾಡಿದ್ರಿ.

6/6
ಹಾಗಾದ್ರೆ ನನ್ನ ಗೆಳೆಯ ತಪ್ಪು ಮಾಡಿದ್ನಾ? ಇಲ್ಲ. ಅವತ್ತು ಅವನು ಆ ಪದವನ್ನ ಅದರ ಹಳೇ ಅರ್ಥದಲ್ಲೇ, ಅಕ್ಷರಶಃ ಬಳಸಿದ್ದ. ಗ್ರಾಮರ್ ಪೊಲೀಸರ ಲೆಕ್ಕದಲ್ಲಿ ಅವನಿಗೆ ನೂರಕ್ಕೆ ನೂರು. ಆದ್ರೂ ಯಾರೂ ಬರಲಿಲ್ಲ.

ಅದಕ್ಕೇ ನನ್ನ ವಾದ ಇದು. ‘ಸರಿಯಾ ತಪ್ಪಾ’ ಅಂತ ಕೇಳಬೇಡಿ. ‘ಈ ವಾಕ್ಯ ನಿಜವಾಗಿ ನಡೆಯೋಕೆ ಸಾಧ್ಯವಾ’ ಅಂತ ಕೇಳಿ. “ಲಿಟ್ರಲಿ ತಲೆ ಸಿಡೀತು” ನಡೆಯಲ್ಲ, ಹಾಗಾಗಿ ಯಾರಿಗೂ ಗೊಂದಲ ಇಲ್ಲ. ಧಾರಾಳವಾಗಿ ಹೇಳಿ, ನಾನೂ ಹೇಳ್ತೀನಿ. ಆದ್ರೆ ಮನೆ ಮುಳುಗೋದು ನಡೆಯುತ್ತೆ. ಎರಡು ದಿನ ಊಟ ಮಾಡದೇ ಇರೋದು ನಡೆಯುತ್ತೆ. “ಉಸಿರಾಡಕ್ಕಾಗ್ತಿಲ್ಲ” ಅನ್ನೋದೂ ನಡೆಯುತ್ತೆ. ಅಂಥ ಕಡೆ ಲಿಟ್ರಲಿ ನಿಮ್ಮನ್ನ ಕಾಪಾಡಲ್ಲ, ಅದರ ಆಣೆ ಸವೆದು ಹೋಗಿದೆ. ಅಳತೆ ಹೇಳಿ: “ಮೊಣಕಾಲವರೆಗೂ ನೀರಿದೆ. ಅಜ್ಜಿ ಮಂಚದ ಮೇಲಿದಾರೆ. ಬಾ.” ಇದಕ್ಕೆ ನಗೋ ಎಮೋಜಿ ಹಾಕೋನು ನಮ್ಮ ಗ್ರೂಪಲ್ಲಿ ಒಬ್ಬನೂ ಇಲ್ಲ.

ಕೇಳಿಸಿಕೊಳ್ಳೋರಿಗೂ ಒಂದು ಮಾತು, ಮೊದಲು ನನಗೇ: ನಡೆಯಬಹುದಾದ ಕೆಟ್ಟ ಸುದ್ದಿ ಪಕ್ಕ ಲಿಟ್ರಲಿ ಕಂಡ್ರೆ ನಗೋ ಮೊದಲು ಎರಡೇ ಪದ ಟೈಪ್ ಮಾಡಿ: “ನಿಜವಾಗ್ಲೂ ಮುಳುಗಿದ್ಯಾ?” ಹತ್ತು ಸೆಕೆಂಡ್ ಕೆಲಸ. ಅವತ್ತು ನಾನು ಮಾಡಲಿಲ್ಲ.

ಕೊನೇ ಫೋಟೋಲಿ ಅಜ್ಜಿ ಗೋಡೆಗೆ ಸುಣ್ಣ ಹೊಡೆಸ್ತಿದಾರೆ. ಗೆರೆ ಮಾತ್ರ ಹಾಗೇ ಇರಲಿ ಅಂದ್ರಂತೆ. “ಮುಂದಿನ ಸಲ ಕೇಳಿದವರಿಗೆ ಬೆರಳಿಟ್ಟು ತೋರಿಸ್ತೀನಿ.”

ಕಾಮೆಂಟಲ್ಲಿ ಜಗಳಕ್ಕೆ ಬನ್ನಿ. ಎರಡೂ ಪಾರ್ಟಿಯವರು.

#ಲಿಟ್ರಲಿ #ಅಕ್ಷರಶಃ #ಚಾಮರಾಜಪೇಟೆ