‘ಬೈ’ ಎಂದರೆ ಎರಡೇ ಎಂದವರು ಯಾರು?

‘ಬೈಸೆಕ್ಷುಯಲ್ ಪದದಲ್ಲಿ ಟ್ರಾನ್ಸ್ ಜನರಿಗೆ ಜಾಗವಿಲ್ಲ, ಇನ್ನು ಪ್ಯಾನ್‌ಸೆಕ್ಷುಯಲ್ ಎಂದೇ ಹೇಳಬೇಕು’ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಎಡವಟ್ಟು ಇಲ್ಲೇ ಇದೆ. ಟ್ರಾನ್ಸ್ ಹೆಣ್ಣು ಹೆಣ್ಣೇ, ಟ್ರಾನ್ಸ್ ಗಂಡು ಗಂಡೇ. ಅವರಿಗಾಗಿ ಬೇರೆ ಪದ ಬೇಕೆನ್ನುವವರೇ ಅವರನ್ನು ಹೊರಗಿಡುತ್ತಿದ್ದಾರೆ.

ಗಂಡು, ಹೆಣ್ಣು ಎರಡರಲ್ಲೂ ಸೇರದವರ ಮಾತೇನು ಎನ್ನಬಹುದು. ಅದಕ್ಕೂ ಉತ್ತರ ಹಳೆಯದೇ. ಸ್ಯಾನ್‌ಫ್ರಾನ್ಸಿಸ್ಕೋ ಭಾಗದ ಬೈಸೆಕ್ಷುಯಲ್ ಬಳಗ ಹೊರತರುತ್ತಿದ್ದ ‘ಎನಿಥಿಂಗ್ ದಟ್ ಮೂವ್ಸ್’ ಪತ್ರಿಕೆ 1990ರಲ್ಲೇ ಒಂದು ಪ್ರಣಾಳಿಕೆ ಪ್ರಕಟಿಸಿತು. ಲಿಂಗಗಳು ಎರಡೇ ಎಂದುಕೊಳ್ಳಬೇಡಿ ಎಂದು ಅದು ನೇರವಾಗಿ ಎಚ್ಚರಿಸಿತ್ತು. ಅಮೆರಿಕದ ಕಾರ್ಯಕರ್ತೆ ರಾಬಿನ್ ಓಕ್ಸ್ ಕೊಡುವ ವಿವರಣೆಯೂ ‘ಒಂದಕ್ಕಿಂತ ಹೆಚ್ಚು’ ಲಿಂಗಗಳತ್ತ ಆಕರ್ಷಣೆ ಎಂದೇ. ಆ ಸೆಳೆತ ಒಂದೇ ಸಮಯಕ್ಕೆ, ಒಂದೇ ಬಗೆಯಲ್ಲಿ, ಒಂದೇ ಪ್ರಮಾಣದಲ್ಲಿ ಇರಬೇಕಿಲ್ಲ ಎಂಬುದನ್ನೂ ಅವರು ಸೇರಿಸುತ್ತಾರೆ.

ನನಗೆ ಮುಖ್ಯವೆನಿಸುವುದು ಈ ಸೇರ್ಪಡೆ. ಹೆಣ್ಣಿನತ್ತ ಒಂದು ರೀತಿ, ಗಂಡಿನತ್ತ ಇನ್ನೊಂದು ರೀತಿ ಮನಸ್ಸು ಎಳೆಯುತ್ತದೆ ಎನ್ನುವವರಿಗೆ ‘ಬೈ’ ಹೊಂದುತ್ತದೆ. ಎದುರಿನವರ ಲಿಂಗ ತಮ್ಮ ಸೆಳೆತದಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎನ್ನುವವರು ಹಲವು ಬಾರಿ ‘ಪ್ಯಾನ್’ ಆರಿಸಿಕೊಳ್ಳುತ್ತಾರೆ. ಗಾಯಕಿ ಜನೆಲ್ ಮೊನೇ 2018ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ಹೇಳಿದ್ದೂ ಹೀಗೆಯೇ: ಮೊದಲು ಬೈ ಎಂದುಕೊಂಡಿದ್ದರು, ಆಮೇಲೆ ಪ್ಯಾನ್ ಬಗ್ಗೆ ಓದಿದಾಗ ಅದೂ ತಮ್ಮದೆನಿಸಿತು. ಹಳೆಯ ಪದವನ್ನು ಅದಕ್ಕಾಗಿ ಅವರು ಹಳಿಯಲಿಲ್ಲ.

ಇನ್ನು ಕೆಲವರು ‘ಬೈ’ ಬಿಡದಿರುವುದು ಹೋರಾಟದ ನಂಟಿನಿಂದ. ಅವರ ಬಾವುಟಕ್ಕೇ 1998ರಿಂದ ಇತಿಹಾಸವಿದೆ. ಎರಡೂ ಪದ ಬಳಸುವವರು ಬೇಕಾದಷ್ಟಿದ್ದಾರೆ. ಲೇಖಕರು ಅವರಲ್ಲಿ ಒಬ್ಬರನ್ನಾದರೂ ಕೇಳಬಹುದಿತ್ತು.