ಗರಿಷ್ಠ ದರದ ಮೆಸೇಜ್ ನಂಬಿ ಟ್ರ್ಯಾಕ್ಟರ್ ಹೇರಬೇಡಿ

ಹೋದ ಸುಗ್ಗಿಯಲ್ಲಿ ನಮ್ಮೂರಿನ ರೈತರ ಸಹಕಾರಿ ಗುಂಪಿನ ವಾಟ್ಸ್‌ಆ್ಯಪ್‌ಗೆ ವಾರದ ಪೇಟೆ ದರ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ದಿನ "ಮೆಕ್ಕೆಜೋಳ 2,400" ಎಂದು ಹಾಕಿದೆ. ಅದನ್ನು ನೋಡಿ ನಮ್ಮ ಚಿಕ್ಕಪ್ಪ ಮರುದಿನ ಬೆಳಿಗ್ಗೆ ಕಣದಲ್ಲಿದ್ದ 30 ಕ್ವಿಂಟಲ್ ತುಂಬಿಸಿಕೊಂಡು ಎಪಿಎಂಸಿಗೆ ಹೋದರು. ಅವರಿಗೆ ಸಿಕ್ಕಿದ್ದು ಕ್ವಿಂಟಲ್‌ಗೆ 1,980. ಸಂಜೆ ವಾಪಸ್ ಬಂದವರು ಬೈಯಲಿಲ್ಲ. "ನಿನ್ನ ಮೆಸೇಜ್ ನಂಬಿ ಟ್ರ್ಯಾಕ್ಟರ್ ಹೇರಿದ್ನಲ್ಲೋ ತಮ್ಮಾ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ನಾನು ಸುಳ್ಳು ಹಾಕಿರಲಿಲ್ಲ. ಆ ದಿನ ನಮ್ಮ ಪೇಟೆಯಲ್ಲಿ 2,400ಕ್ಕೂ ಮಾರಾಟ ಆಗಿತ್ತು. ಆದರೆ ಅದು ಗರಿಷ್ಠ ದರ. ಚೆನ್ನಾಗಿ ಒಣಗಿದ, ಕಸಕಡ್ಡಿ ಇಲ್ಲದ ಕೆಲವೇ ಲಾಟ್‌ಗಳಿಗೆ ಸಿಕ್ಕ ಬೆಲೆ. ನಿಜವಾದ ಅಂಕಿಯೇ ಚಿಕ್ಕಪ್ಪನನ್ನು ದಾರಿ ತಪ್ಪಿಸಿತು. ಆಮೇಲೆ ನನಗೆ ಅನಿಸಿದ್ದು ಇಷ್ಟು: ದರ ಹೇಳುವ ಮೆಸೇಜ್ ಯಾವ ದರ, ಎಂಥ ಮಾಲಿಗೆ, ಯಾವ ದಿನದ್ದು ಎಂದು ಹೇಳದಿದ್ದರೆ ಅದನ್ನು ಹಾಕದೇ ಇರುವುದೇ ಒಳ್ಳೆಯದು.

ಎಪಿಎಂಸಿ ಪ್ರತಿ ಮಾಲಿಗೂ ಮೂರು ದರ ಕೊಡುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಕೃಷಿ ಮಾರಾಟ ವಾಹಿನಿಯಲ್ಲೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಇವೇ ಮೂರು ಕಾಣುತ್ತವೆ. ಮಾದರಿ ದರ ಎಂದರೆ ಆ ದಿನ ಹೆಚ್ಚಿನ ಮಾಲು ಯಾವ ಬೆಲೆಯ ಆಸುಪಾಸಿನಲ್ಲಿ ಮಾರಾಟ ಆಯಿತೋ ಆ ಬೆಲೆ. ನಮ್ಮಂಥವರ ಲೆಕ್ಕಕ್ಕೆ ಬರುವುದು ಅದೇ. ಚಿಕ್ಕಪ್ಪ ಹೋದ ದಿನ ಮಾದರಿ ದರ 2,200 ಇತ್ತು. ಆದರೆ ಫಾರ್ವರ್ಡ್ ಆಗಿ ಊರೂರು ಸುತ್ತುವುದು ಯಾವಾಗಲೂ ಗರಿಷ್ಠ ದರವೇ, ಯಾಕೆಂದರೆ ಅದನ್ನು ಓದಲು ಖುಷಿಯಾಗುತ್ತದೆ.

ಮಾದರಿ ದರದ ಪಕ್ಕದಲ್ಲಿ ಆವಕ ಎಷ್ಟು ಎಂಬುದೂ ಇರಬೇಕು. ಇಡೀ ಪೇಟೆಗೆ ನಲವತ್ತು ಚೀಲ ಬಂದ ದಿನದ ದರವನ್ನು ನಂಬಿ ಮರುದಿನ ನಾಲ್ಕು ಸಾವಿರ ಚೀಲ ಹೋದರೆ ಅದೇ ಬೆಲೆ ನಿಲ್ಲುವುದಿಲ್ಲ. ಆವಕ ಕಡಿಮೆ ಇದ್ದರೆ ಮೆಸೇಜ್‌ನಲ್ಲಿ ಹಾಗೆಂದು ಒಂದು ಮಾತು ಬರೆಯಬೇಕು.

ಇಷ್ಟಿದ್ದರೂ ಚಿಕ್ಕಪ್ಪನಿಗೆ 2,200 ಯಾಕೆ ಸಿಗಲಿಲ್ಲ? ಕಾಳು ಹಸಿ ಇತ್ತು. ಖರೀದಿದಾರರ ತೇವಾಂಶ ಮಾಪಕದಲ್ಲಿ ನೂರಕ್ಕೆ 18 ತೋರಿಸಿತು. ಒಣ ಮೆಕ್ಕೆಜೋಳ ಅಂದರೆ ವ್ಯಾಪಾರದಲ್ಲಿ ಸಾಮಾನ್ಯವಾಗಿ 14. ಅದನ್ನು ಮೂರ್ನಾಲ್ಕು ದಿನ ಬಿಸಿಲಿಗೆ ಹರಡಿ 14ಕ್ಕೆ ಇಳಿಸಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ನೀರು ಆರಿದ ಮೇಲೆ 30 ಕ್ವಿಂಟಲ್ ಸುಮಾರು 28.6 ಕ್ವಿಂಟಲ್ ಆಗುತ್ತದೆ. ಅದನ್ನು ಮಾದರಿ ದರಕ್ಕೆ, ಅಂದರೆ 2,200ಕ್ಕೆ ಮಾರಿದ್ದರೆ 62,920 ರೂಪಾಯಿ. ಹಸಿಯಾಗಿ ಮಾರಿದ್ದಕ್ಕೆ ಬಂದದ್ದು 59,400. ತೂಕ ಕಳೆದರೂ ಮೂರೂವರೆ ಸಾವಿರ ಹೆಚ್ಚು. ಅದರಲ್ಲಿ ಒಣಗಿಸುವ ಆಳಿನ ಕೂಲಿ ಕಳೆಯಬೇಕು. ಮನೆಯವರೇ ಕೈ ಹಾಕಿದರೆ ಅದೂ ಉಳಿಯುತ್ತದೆ.

ಆದರೆ ಆ ನಾಲ್ಕು ದಿನದಲ್ಲಿ ಮಳೆ ಬಂದರೆ? ಕಣದ ಕಾಳು ನೆನೆದು ಬೂಸ್ಟು ಹಿಡಿಯುತ್ತದೆ, 1,980 ಕೂಡ ಸಿಗುವುದಿಲ್ಲ. ಹಾಗಾಗಿ "ಈಗ ಮಾರಲೋ, ಒಣಗಿಸಲೋ" ಎಂಬ ಪ್ರಶ್ನೆಗೆ ಉತ್ತರ ದರದಲ್ಲಿ ಅರ್ಧ, ಆಕಾಶದಲ್ಲಿ ಅರ್ಧ ಇರುತ್ತದೆ. ದರಕ್ಕೊಂದು, ಹವಾಮಾನಕ್ಕೊಂದು ಬೇರೆ ಬೇರೆ ಮೆಸೇಜ್ ಬೇಡ, ಎರಡೂ ಒಂದರಲ್ಲೇ ಬರಲಿ ಎಂದು ನಾನು ಹೇಳುವುದು ಇದಕ್ಕೇ.

ಹವಾಮಾನ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಸೇರಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಸಲಹೆ ಕೊಡುತ್ತವೆ. ಅದರಲ್ಲಿ ಮುಂದಿನ ಐದು ದಿನದ ಮುನ್ಸೂಚನೆ ಇರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಹಾಗಾಗಿ ಗುಂಪಿನ ಮೆಸೇಜ್ ಮಂಗಳವಾರ ಸಂಜೆ ಹೋದರೆ ಸರಿ. ಭಾನುವಾರ ಹಾಕಿದರೆ ಮುನ್ಸೂಚನೆ ಆಗಲೇ ಎರಡು ದಿನ ಹಳತಾಗಿರುತ್ತದೆ.

ಅಲ್ಲಿನ ಪದಗಳನ್ನು ಮಾತ್ರ ಎಚ್ಚರದಿಂದ ನಮ್ಮ ಮಾತಿಗೆ ತರಬೇಕು. ಇಲಾಖೆ "ಭಾರಿ ಮಳೆ" ಅನ್ನುವುದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ. "ಹಗುರ ಮಳೆ" ಅಂದರೆ 15.5 ಮಿಲಿಮೀಟರ್‌ವರೆಗೂ ಬರಬಹುದು. ನಿಂತ ಪೈರಿಗೆ ಅದು ಹಗುರ. ಕಣದಲ್ಲಿ ಹರಡಿದ ಕಾಳಿಗೆ ಐದು ಮಿಲಿಮೀಟರ್ ಬಿದ್ದರೂ ಮುಗಿಯಿತು. "ಹಗುರ ಮಳೆಯಂತೆ, ಚಿಂತೆ ಇಲ್ಲ" ಎಂದು ಬರೆದವರಿಗೆ ಕಣ ಗೊತ್ತಿಲ್ಲ ಎಂದೇ ಅರ್ಥ. ಹಾಗೆಯೇ "ಜಿಲ್ಲೆಯ ಒಂದೆರಡು ಕಡೆ ಮಳೆ" ಎಂದಿದ್ದರೆ ಅದು ನಮ್ಮೂರಲ್ಲೇ ಬೀಳುತ್ತದೆ ಎಂದೂ ಅಲ್ಲ, ಬೀಳುವುದಿಲ್ಲ ಎಂದೂ ಅಲ್ಲ. ಆಗ ಹೇಳಬೇಕಾದ್ದು ಒಂದೇ: ಹರಡಿ, ಆದರೆ ತಾಡಪತ್ರಿ ಕೈಗೆ ಸಿಗುವ ಹಾಗಿರಲಿ.

ಈಗ ನಾವು ಕಳಿಸುವ ಮೆಸೇಜ್ ಹೀಗಿರುತ್ತದೆ. ಅಂಕಿಗಳು ಇಲ್ಲಿ ಉದಾಹರಣೆಗೆ ಮಾತ್ರ.

ಮಂಗಳವಾರ ಸಂಜೆ 7
ನಮ್ಮ ಎಪಿಎಂಸಿ, ಸೋಮವಾರದ ದರ
ಮೆಕ್ಕೆಜೋಳ ಮಾದರಿ 2,200 (1,950 ರಿಂದ 2,400)
ಆವಕ: ಹೋದ ವಾರಕ್ಕಿಂತ ಹೆಚ್ಚು
ಹಸಿ ಕಾಳಿಗೆ ಕನಿಷ್ಠದ ಹತ್ತಿರ ಸಿಗುತ್ತಿದೆ
ಮಳೆ: ಶುಕ್ರವಾರದವರೆಗೆ ಇಲ್ಲ. ಶನಿವಾರ ಒಂದೆರಡು ಕಡೆ ಹಗುರ
ಕಣದಲ್ಲಿದ್ದರೆ: ಶುಕ್ರವಾರದೊಳಗೆ ಒಣಗಿಸಿ ಚೀಲ ಕಟ್ಟಿ
ಹೋದ ವಾರ ನಾವು ಹೇಳಿದ್ದು: ಗುರುವಾರ ಮಳೆ. ಬರಲಿಲ್ಲ.

ಓದಲು ಅರ್ಧ ನಿಮಿಷ ಸಾಕು. ಓದಲು ಬಾರದವರಿಗೆ ಇದನ್ನೇ ಧ್ವನಿಯಲ್ಲಿ ಹೇಳಿ ಕಳಿಸುತ್ತೇವೆ. ಕಳಿಸುವವರು ಒಬ್ಬರೇ, ಇನ್ನೊಬ್ಬರು ದಿನಾಂಕ ಮತ್ತು ದರವನ್ನು ಎಪಿಎಂಸಿ ಪಟ್ಟಿಗೆ ಹೋಲಿಸಿ ನೋಡಿದ ಮೇಲಷ್ಟೇ ಹೋಗುತ್ತದೆ. ಬೇರೆ ಗುಂಪಿನಿಂದ ಬಂದ ಫೋಟೊ ಹಾಕುವುದಿಲ್ಲ. ಹೋದ ವರ್ಷದ ದರಪಟ್ಟಿಯ ಫೋಟೊಗೂ ಇವತ್ತಿನ ಫೋಟೊಗೂ ಫೋನಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಕೊನೆಯ ಸಾಲಿನ ಬಗ್ಗೆ ಗುಂಪಿನಲ್ಲಿ ಜಗಳವೇ ಆಯಿತು. ನಮ್ಮ ತಪ್ಪನ್ನು ನಾವೇ ಹೇಳಿಕೊಂಡರೆ ಯಾರು ನಂಬುತ್ತಾರೆ ಎಂದು ಹಿರಿಯರು ಕೇಳಿದರು. ನನಗೆ ಅನಿಸುವುದು ಉಲ್ಟಾ. ಮುನ್ಸೂಚನೆ ಕೆಲವೊಮ್ಮೆ ತಪ್ಪುತ್ತದೆ ಎಂದು ರೈತನಿಗೆ ನಮಗಿಂತ ಚೆನ್ನಾಗಿ ಗೊತ್ತು. ತಪ್ಪಿದ್ದನ್ನು ಮುಚ್ಚಿಟ್ಟರೆ ಸರಿಯಾಗಿದ್ದನ್ನೂ ಅವರು ನಂಬುವುದಿಲ್ಲ.

ಇನ್ನೊಂದು ಮಾತನ್ನು ನಾವು ಯಾವತ್ತೂ ಬರೆಯುವುದಿಲ್ಲ: "ಮುಂದಿನ ವಾರ ದರ ಏರುತ್ತದೆ." ಸದಸ್ಯರು ಹೆಚ್ಚು ಕೇಳುವುದು ಅದನ್ನೇ. ಮಳೆಯ ಮುನ್ಸೂಚನೆಗಾದರೂ ಅದನ್ನು ಅಳೆದು ಹೇಳುವ ಇಲಾಖೆ ಇದೆ. ದರ ಏರುತ್ತದೆ ಎಂದು ಹೇಳುವವರ ಹಿಂದೆ ಹೆಚ್ಚಾಗಿ ಮಾಲು ಹಿಡಿದಿಟ್ಟವರೋ ಕೊಳ್ಳುವವರೋ ಇರುತ್ತಾರೆ. ನಮ್ಮ ಮೆಸೇಜ್ ನಂಬಿ ಒಬ್ಬರು ತಿಂಗಳು ಕಾದು ದರ ಬಿದ್ದರೆ, ಮುಂದೆ ಮಳೆಯ ಮಾತನ್ನೂ ಅವರು ಕೇಳುವುದಿಲ್ಲ.

ಚಿಕ್ಕಪ್ಪ ಈಗಲೂ ಗುಂಪಿನಲ್ಲಿದ್ದಾರೆ. ಮಂಗಳವಾರ ಏಳೂಕಾಲಾದರೂ ಮೆಸೇಜ್ ಬರದಿದ್ದರೆ ಫೋನ್ ಮಾಡುತ್ತಾರೆ. ದರ ಎಷ್ಟು ಎಂದು ಮೊದಲು ಕೇಳುವುದಿಲ್ಲ. "ಮಾದರಿ ಹೇಳು, ಆಮೇಲೆ ಮಳೆ ಹೇಳು" ಅನ್ನುತ್ತಾರೆ.