ಉಪದೇಶ ಬಿಡಿ, ಎಚ್ಚರಿಕೆ ಬಿಡಬೇಡಿ

ಹೊಸಂಗಡಿಯ ಹುಡುಗರು ಅಡುಗೆ ಗ್ಯಾಸ್ ಸುರಕ್ಷತೆಯ ಬಗ್ಗೆ ಇನ್‌ಸ್ಟಾಗ್ರಾಂಗೆ ಎಂಟು ಪುಟಗಳ ಕರೌಸೆಲ್ ಮಾಡಿದರು. ನೋಡಿದ ಉಮ್ಮಂದಿರು ಹೇಳಿದ್ದು ಒಂದೇ ಮಾತು: "ನಮಗೆ ಪಾಠ ಮಾಡಲು ಬಂದಿದ್ದೀರಾ?" ಹುಡುಗರಿಗೆ ಸಿಟ್ಟು. "ಒಳ್ಳೆಯದು ಹೇಳಿದರೂ ಕಷ್ಟ" ಎಂದರು. ನನ್ನ ಪ್ರಕಾರ ಉಮ್ಮಂದಿರು ಹೇಳಿದ್ದೇ ಸರಿ.

ಮೊದಲ ಪುಟದಲ್ಲಿ "ನಿಮ್ಮ ಅಜಾಗರೂಕತೆ ಮನೆಯನ್ನೇ ಸುಡುತ್ತದೆ!" ಎಂದಿತ್ತು. ಎರಡನೆಯದರಲ್ಲಿ "ಹಳೇ ಪೈಪ್ ತಕ್ಷಣ ಬದಲಾಯಿಸಲೇಬೇಕು." ಮೂವತ್ತು ವರ್ಷ ಒಲೆ ಮುಂದೆ ನಿಂತವರನ್ನು ಮೊದಲ ಸಾಲಿನಲ್ಲೇ ತಪ್ಪಿತಸ್ಥರನ್ನಾಗಿ ಮಾಡಿದರೆ ಎರಡನೇ ಪುಟಕ್ಕೆ ಅವರ ಬೆರಳು ಏಕೆ ಸರಿಯಬೇಕು?

ಹುಡುಗರ ಮೊದಲ ತಿದ್ದುಪಡಿ ಇನ್ನೂ ಹಾಸ್ಯಾಸ್ಪದ. "ಬದಲಾಯಿಸಿ" ಇದ್ದಲ್ಲೆಲ್ಲ "ಬದಲಾಯಿಸೋಣ" ಎಂದು ಹಾಕಿದರು. 'ಓಣ' ಸೇರಿಸಿದರೆ ಮೇಷ್ಟ್ರು ನಗುಮುಖ ಮಾಡಿದ ಹಾಗಾಯಿತು, ಕೈಯ ಬೆತ್ತ ಅಲ್ಲೇ ಇದೆ. ಬದಲಾಗಬೇಕಾದದ್ದು ಕ್ರಿಯಾಪದವಲ್ಲ, ಮಾತಾಡುವವರು ನಿಂತ ಜಾಗ.

ಕೊನೆಗೆ ಒಂದು ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಮಾತನ್ನೇ ಮೊದಲ ಪುಟದಲ್ಲಿ ಹಾಕಿದರು: "ಗ್ಯಾಸ್ ಪೈಪ್ ಮೇಲೆ ವರ್ಷ ಬರೆದಿರುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ." ಎರಡನೇ ಪುಟದಲ್ಲಿ ಆ ಪೈಪಿನ ಫೋಟೊ, ಅಚ್ಚಾದ ಅಕ್ಷರಗಳ ಮೇಲೆ ಒಂದು ಗೆರೆ. ಮೂರನೆಯದರಲ್ಲಿ "ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಲು ಗ್ಯಾಸ್ ಕಂಪೆನಿಗಳು ಹೇಳುತ್ತವೆ. ಇವತ್ತು ಚಾ ಕಾಯಿಸುವಾಗ ಒಮ್ಮೆ ನೋಡಬಹುದು." ಇಲ್ಲಿ ಗದರಿಕೆ ಇಲ್ಲ, ಆದರೆ ಮಾಡುವ ಕೆಲಸ ಸ್ಪಷ್ಟವಾಗಿದೆ. ಒಂದು ಷರತ್ತು: ಅನುಭವ ನಿಜವಾಗಿರಬೇಕು. ಕಟ್ಟಿದ ಕತೆಯನ್ನು ನಮ್ಮ ಊರಿನಲ್ಲಿ ಸಂಜೆಯೊಳಗೆ ಹಿಡಿಯುತ್ತಾರೆ.

ಆದರೆ ಹುಡುಗರು ಕೊನೆಯ ಪುಟವನ್ನೂ ಮೆದು ಮಾಡಲು ಹೊರಟಾಗ ನಾನು ಜಗಳಕ್ಕೇ ನಿಂತೆ. "ವಾಸನೆ ಬಂದರೆ ಕಿಟಕಿ ತೆರೆಯಬಹುದೇನೋ" ಎಂದು ಬರೆದಿದ್ದರು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮೇಲೇರಿ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಸ್ವಿಚ್ ಹಾಕಿದರೂ ಆರಿಸಿದರೂ ಹುಟ್ಟುವ ಸಣ್ಣ ಕಿಡಿ ಸಾಕು. ಅಲ್ಲಿ "ಬಹುದೇನೋ" ಎನ್ನುವುದು ವಿನಯವಲ್ಲ, ಬೇಜವಾಬ್ದಾರಿ. ಆ ಪುಟದಲ್ಲಿ ಆಜ್ಞೆಯೇ ಉಳಿಯಿತು: "ಬೆಂಕಿ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ತೆರೆಯಿರಿ. ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ."

ವ್ಯತ್ಯಾಸ ಇಷ್ಟೇ. ಯೋಚಿಸಲು ಸಮಯವಿರುವ ಕಡೆ ಅನುಭವ ಹೇಳಿ ಆಯ್ಕೆಯನ್ನು ಮನೆಯವರಿಗೇ ಬಿಡಬೇಕು. ಯೋಚಿಸಲು ಸಮಯವಿಲ್ಲದ ಕಡೆ ಚಿಕ್ಕ ಆಜ್ಞೆಯೇ ಮರ್ಯಾದೆ. "ಉಪದೇಶ ಜಾಸ್ತಿಯಾಯಿತು" ಎಂದವರು ಎಚ್ಚರಿಕೆ ಬೇಡ ಎಂದಿರಲಿಲ್ಲ, ಅವಮಾನ ಬೇಡ ಎಂದಿದ್ದರು.

ತಿದ್ದಿದ್ದು ಫಲಿಸಿತೇ ಎಂದು ತಿಳಿಯಲು ಲೈಕ್ ಎಣಿಸಬೇಡಿ. ಎಷ್ಟು ಮನೆಗಳಿಂದ "ನಮ್ಮ ಪೈಪಿನ ವರ್ಷ ಇದು" ಎಂದು ಫೋಟೊ ಬಂತು, ಅದನ್ನು ಎಣಿಸಿ.